ಮೂಲೇಲಿರೋ ಗಡಿಯಾರ ನೋಡ್ರಪ್ಪಾ

ಯಾವುದೇ ವಾಟ್ಸಾಪ್ ಗುಂಪು ತಗೊಳ್ಳಿ. ಊರಿನದ್ದಿರಲಿ, ಕಾಲೇಜಿನದ್ದಿರಲಿ, ಅಪಾರ್ಟ್‌ಮೆಂಟಿನದ್ದಿರಲಿ. ಯಾರೋ ಒಬ್ಬರು ಕಂಪ್ಯೂಟರಿನ ಎರರ್ ಫೋಟೋ ಹಾಕಿ "ಇದಕ್ಕೆ ಏನು ಮಾಡೋದು?" ಅಂತ ಕೇಳ್ತಾರೆ. ಎರಡು ನಿಮಿಷದಲ್ಲಿ ಉತ್ತರಗಳು ಶುರುವಾಗ್ತವೆ. ರೀಸ್ಟಾರ್ಟ್ ಮಾಡಿ. ಕ್ಯಾಶ್ ಕ್ಲಿಯರ್ ಮಾಡಿ. ಬೇರೆ ಬ್ರೌಸರ್ ಹಾಕ್ಕೊಳ್ಳಿ. ಆಂಟಿವೈರಸ್ ಆಫ್ ಮಾಡಿ ನೋಡಿ. ಯಾವುದಕ್ಕೂ ಆಗ್ಲಿಲ್ಲ ಅಂದ್ರೆ ಫಾರ್ಮ್ಯಾಟ್ ಹೊಡೆದುಬಿಡಿ. ಹೀಗೆ ಉತ್ತರ ಕೊಟ್ಟವರಲ್ಲಿ ಅರ್ಧ ಜನ ನಮ್ಮ ಕ್ಷೇತ್ರದವರೇ. ಬಿ.ಇ. ಮಾಡಿ, ಸಾಫ್ಟ್‌ವೇರ್ ಬರೆದು ಸಂಬಳ ತಗೊಳ್ಳೋರು. ಫೋಟೋದಲ್ಲಿ ಏನು ಬರೆದಿದೆ ಅಂತ ಒಬ್ಬರೂ ಓದಿರಲ್ಲ.

ನನ್ನ ಸಿಟ್ಟು ಇರೋದು ಇಲ್ಲೇ. ಎರರ್ ಬಂದ ಪರದೆಯ ಫೋಟೋ ಅಂದ್ರೆ ಸಾಕ್ಷಿಯ ಹೇಳಿಕೆ ಇದ್ದ ಹಾಗೆ. ಕಂಪ್ಯೂಟರ್ ತನಗೆ ಏನಾಯ್ತು ಅಂತ ತಾನೇ ಹೇಳ್ತಿದೆ. ಅದನ್ನ ಓದದೆ ಹತ್ತು ಉಪಾಯ ಕೊಡೋದು, ರೋಗಿಯ ನಾಡಿ ಹಿಡಿಯದೆ ಅಂಗಡೀಲಿರೋ ಮಾತ್ರೆಯನ್ನೆಲ್ಲ ಒಂದೊಂದು ನುಂಗಿಸಿದ ಹಾಗೆ. ಒಂದಲ್ಲ ಒಂದು ತಾಗಬಹುದು, ನಿಜ. ಆದರೆ ಉಳಿದ ಒಂಬತ್ತು ಮಾಡೋ ಹಾನಿಗೆ ಯಾರೂ ಹೊಣೆ ಹೊರೋದಿಲ್ಲ. ಆಂಟಿವೈರಸ್ ಆಫ್ ಮಾಡಿಸಿದವರು ಮತ್ತೆ ಆನ್ ಮಾಡಿ ಅಂತ ಹೇಳಿದ್ದು ನಾನಂತೂ ನೋಡಿಲ್ಲ.

ಒಂದು ಉದಾಹರಣೆ ಪೂರ್ತಿ ಬಿಡಿಸಿ ಹೇಳ್ತೀನಿ. ಇದರಲ್ಲಿರೋ ಎರರ್ ನೀವೂ ನೋಡಿರ್ತೀರಿ.

ನಮ್ಮ ಚಿಕ್ಕಪ್ಪನ ಮಗ ಹೋಬಳೀಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಆನ್‌ಲೈನ್ ಅರ್ಜಿ ತುಂಬಿಕೊಡೋದು ಅವನ ಮುಖ್ಯ ವ್ಯಾಪಾರ. ಒಂದು ಸೋಮವಾರ ಬೆಳಿಗ್ಗೆ 11:20ಕ್ಕೆ ಕುಟುಂಬದ ಗುಂಪಿಗೆ ಫೋಟೋ ಹಾಕಿ, "ಅಣ್ಣ, ಯಾವ ಸೈಟೂ ಓಪನ್ ಆಗ್ತಿಲ್ಲ, ಜನ ನಿಂತವ್ರೆ" ಅಂದ. ಫೋಟೋದಲ್ಲಿ ಇದ್ದದ್ದು ಒಂದೇ ಸಾಲು: `NET::ERR_CERT_DATE_INVALID`. ಮುಖ್ಯವಾದದ್ದು ಅಷ್ಟೇ ಅಂತ ತಿಳ್ಕೊಂಡು ಉಳಿದದ್ದನ್ನೆಲ್ಲ ಕತ್ತರಿಸಿ ನೀಟಾಗಿ ಕಳಿಸಿದ್ದ. ನಾನು ಮೀಟಿಂಗ್ ಮುಗಿಸಿ ನೋಡೋ ಹೊತ್ತಿಗೆ ಮೂರು ಉತ್ತರ ಬಂದಿದ್ವು. ಕ್ರೋಮ್ ತೆಗೆದು ಮತ್ತೆ ಹಾಕು ಅಂತ ಒಬ್ಬ, ರೂಟರ್ ಆಫ್ ಆನ್ ಮಾಡು ಅಂತ ಇನ್ನೊಬ್ಬ, ಅಮೆರಿಕದಲ್ಲಿರೋ ಭಾವನಿಂದ ಒಂದು ಯೂಟ್ಯೂಬ್ ಲಿಂಕು. ತಮ್ಮ ಪಾಪ ಕ್ರೋಮ್ ತೆಗೆದುಹಾಕಿಯೂ ಆಗಿತ್ತು. ಮತ್ತೆ ಹಾಕೋಕೆ ಅದನ್ನ ಡೌನ್‌ಲೋಡ್ ಮಾಡಬೇಕಲ್ಲ? ಆ ಪುಟಾನೂ ಅದೇ ಎರರ್ ಕೊಟ್ಟು ಬಾಗಿಲು ಹಾಕ್ಕೊಂಡಿತ್ತು. ಕೊನೆಗೆ ಹಳೇ ಪೆನ್‌ಡ್ರೈವ್‌ನಲ್ಲಿದ್ದ ಪ್ರತಿಯಿಂದ ಹಾಕ್ಕೊಂಡ. ಎರರ್ ಇದ್ದಲ್ಲೇ ಇತ್ತು.

ಈ ಕೋಡ್ ಏನು ಹೇಳುತ್ತೆ ಅಂತ ಮೊದಲು ನೋಡೋಣ. `CERT` ಅಂದ್ರೆ ವೆಬ್‌ಸೈಟಿನ ಪ್ರಮಾಣಪತ್ರ. `DATE_INVALID` ಅಂದ್ರೆ ಅದರ ತಾರೀಕು ಹೊಂದಿಕೆ ಆಗ್ತಿಲ್ಲ. ಇದನ್ನ ಬಸ್ ಪಾಸ್ ಅಂದ್ಕೊಳ್ಳಿ. ಪಾಸಿನ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತೆ. ಕಂಡಕ್ಟರ್ ಅದನ್ನ ತನ್ನ ಕೈಗಡಿಯಾರದ ತಾರೀಕಿನ ಜೊತೆ ಹೋಲಿಸಿ ಸರಿ, ತಪ್ಪು ಅಂತಾನೆ. ಇಲ್ಲಿ ಬ್ರೌಸರೇ ಕಂಡಕ್ಟರ್, ನಿಮ್ಮ ಕಂಪ್ಯೂಟರಿನ ಗಡಿಯಾರವೇ ಅವನ ಕೈಗಡಿಯಾರ. ಹಾಗಾಗಿ ಈ ಎರರ್‌ಗೆ ಸಾಮಾನ್ಯವಾಗಿ ಎರಡು ಕಾರಣ ಇರಬಹುದು. ಪಾಸಿನ ಅವಧಿ ನಿಜವಾಗಲೂ ಮುಗಿದಿರಬೇಕು, ಇಲ್ಲಾ ಕಂಡಕ್ಟರ್ ಗಡಿಯಾರ ತಪ್ಪಿರಬೇಕು. ಮೊದಲನೆಯದಾದ್ರೆ ಸರಿಮಾಡಬೇಕಾದವನು ಸೈಟ್ ನಡೆಸೋನು, ನಿಮ್ಮ ಕಂಪ್ಯೂಟರ್ ಮುಟ್ಟೋ ಹಾಗೇ ಇಲ್ಲ. ಎರಡನೆಯದಾದ್ರೆ ಸರಿಮಾಡಬೇಕಾದದ್ದು ನಿಮ್ಮ ಕಂಪ್ಯೂಟರಿನ ಒಂದೇ ಒಂದು ಸೆಟ್ಟಿಂಗ್. ಕೋಡ್ ಒಂದೇ, ಪರಿಹಾರ ಎರಡು ಬೇರೆ ದಿಕ್ಕಿನವು. ಅದಕ್ಕೇ ಕೋಡನ್ನ ಮಾತ್ರ ಕಾಪಿ ಮಾಡಿ ಹುಡುಕೋದು ಅರ್ಧ ಓದು ಅನ್ನೋದು. ಹುಡುಕಿದ್ರೆ ಸಿಗೋ ಪುಟಗಳಲ್ಲಿ ಎರಡೂ ಕಲಸಿಕೊಂಡಿರುತ್ತವೆ, ಜೊತೆಗೆ ಕ್ಯಾಶು, ರೂಟರು ಎಲ್ಲ ಒಗ್ಗರಣೆ.

ಯಾವುದು ಅಂತ ಹೇಳೋ ವಾಕ್ಯ ಪರದೆಯ ಮೇಲೇ ಇರುತ್ತೆ, ಕೋಡಿನ ಸುತ್ತಮುತ್ತ. ನಾನು ತಮ್ಮನಿಗೆ ಹೇಳಿದ್ದು ಇಷ್ಟೇ: "ಕತ್ತರಿಸಬೇಡ. ಮಾನಿಟರಿನ ನಾಲ್ಕೂ ಮೂಲೆ ಕಾಣೋ ಹಂಗೆ ಮೊಬೈಲಲ್ಲಿ ಫೋಟೋ ಹೊಡಿ." ಬಂತು. ಮೇಲೆ ದಪ್ಪಕ್ಷರದಲ್ಲಿ `Your clock is behind`. ಅದರ ಕೆಳಗೆ, ಈ ಕಂಪ್ಯೂಟರಿನ ದಿನಾಂಕ ಮತ್ತು ಸಮಯ ತಪ್ಪಾಗಿರೋದ್ರಿಂದ ಸುರಕ್ಷಿತ ಸಂಪರ್ಕ ಆಗ್ತಿಲ್ಲ ಅನ್ನೋ ವಾಕ್ಯ, ಆವರಣದಲ್ಲಿ ಜನವರಿ 1, 2019, ಮಂಗಳವಾರ. ಪಕ್ಕದಲ್ಲಿ `Update date and time` ಅನ್ನೋ ನೀಲಿ ಬಟನ್. ಕೆಳಗೆ ಬಲಮೂಲೇಲಿ ಟಾಸ್ಕ್‌ಬಾರಿನ ಗಡಿಯಾರ, 00:47, 01-01-2019.

ಅಂದ್ರೆ ಕಂಪ್ಯೂಟರ್ ರೋಗ, ಕಾರಣ, ಔಷಧ ಮೂರನ್ನೂ ಇಂಗ್ಲಿಷಿನಲ್ಲಿ ಬರೆದು ಬಟನ್ ಕೂಡ ಇಟ್ಟಿತ್ತು. ತಮ್ಮ ಯಾಕೆ ಒತ್ತಲಿಲ್ಲ? "ಎರರ್ ಬಂದಾಗ ಬರೋ ಬಟನ್ ಒತ್ತಿದ್ರೆ ವೈರಸ್ ಬತ್ತದಂತಲ್ಲಣ್ಣ." ಇದು ಅವನಿಗೆ ನಾವೇ ಕಲಿಸಿದ ಪಾಠ, ಅದನ್ನ ತಪ್ಪು ಅನ್ನೋಕೂ ಆಗಲ್ಲ. ಅವನಿಗೆ ಓದೋಕೆ ಕಷ್ಟ ಅಂತಲೇ ನಮ್ಮ ಹತ್ರ ಬಂದಿದ್ದು. ಓದೋಕೆ ಬರೋ ನಾವೂ ಓದಲಿಲ್ಲ ಅಂದ್ರೆ ಅವನು ಕೇಳಿ ಏನು ಪ್ರಯೋಜನ?

ಫೋಟೋ ಇನ್ನೂ ಸ್ವಲ್ಪ ಮಾತಾಡುತ್ತೆ, ತಾಳಿ. ಗಡಿಯಾರ ತಪ್ಪಿದೆ ಅಂತ ಗೊತ್ತಾದ ಮೇಲೆ ಮುಂದಿನ ಪ್ರಶ್ನೆ, ಎಷ್ಟು ತಪ್ಪಿದೆ? ತಪ್ಪಿನ ಅಳತೆಯೇ ಕಾರಣದ ಹೆಸರು ಹೇಳುತ್ತೆ. ಇದನ್ನ ಯಾವ ಹತ್ತು ಉಪಾಯದ ಪಟ್ಟಿಯೂ ಹೇಳೋದಿಲ್ಲ ಅನ್ನೋದೇ ನನ್ನ ದೊಡ್ಡ ದೂರು.

ಸರಿಯಾಗಿ ಐದೂವರೆ ಗಂಟೆ ಹಿಂದಿದ್ರೆ, ಅದೇ ಕಂಪ್ಯೂಟರಿನಲ್ಲಿ ಲಿನಕ್ಸ್ ಕೂಡ ಇದೆಯಾ ಅಂತ ಕೇಳಿ. ಲಿನಕ್ಸ್ ಸಾಮಾನ್ಯವಾಗಿ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಸಮಯ ಇಟ್ಟುಹೋಗುತ್ತೆ, ವಿಂಡೋಸ್ ಬಂದು ಅದನ್ನೇ ಸ್ಥಳೀಯ ಸಮಯ ಅಂದ್ಕೊಳ್ಳುತ್ತೆ. ನಮ್ಮದಕ್ಕೂ ಯುಟಿಸಿಗೂ ಇರೋ ಅಂತರವೇ ಐದೂವರೆ ಗಂಟೆ. ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದಿದ್ರೆ, ಟೈಮ್ ಝೋನ್ ಅಮೆರಿಕದ ಪಶ್ಚಿಮ ಕರಾವಳಿಯದ್ದೇ ಉಳಿದುಕೊಂಡಿದೆ. ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಅದನ್ನ ಬದಲಾಯಿಸದೆ ಬಿಡೋದು ಬಹಳ ಸಾಮಾನ್ಯ. ಇದರಲ್ಲೇ ಒಂದು ಕಿತಾಪತಿ ಇದೆ. ಯಾರೋ ಝೋನ್ ಮುಟ್ಟದೆ ಗೋಡೆ ಗಡಿಯಾರ ನೋಡ್ಕೊಂಡು ಮುಳ್ಳು ಮಾತ್ರ ತಿರುಗಿಸಿರ್ತಾರೆ. ಕಣ್ಣಿಗೆ ಸಮಯ ಸರಿಯಾಗಿ ಕಾಣುತ್ತೆ, ಒಳಗಿನ ಯುಟಿಸಿ ಮಾತ್ರ ಅರ್ಧ ದಿನಕ್ಕಿಂತ ಜಾಸ್ತಿ ಮುಂದೆ ಓಡಿರುತ್ತೆ. ಆಗ ಬಹಳಷ್ಟು ಸೈಟು ತೆರೆಯುತ್ತವೆ. ಆದರೆ ಇವತ್ತು ಅವಧಿ ಮುಗಿಯೋ ಪ್ರಮಾಣಪತ್ರದ ಸೈಟು ತೆರೆಯೋದಿಲ್ಲ, ಆ ಕಂಪ್ಯೂಟರಿನಲ್ಲೇ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗೋ ಒಟಿಪಿ ತೋರಿಸೋ ಆಪ್ ಇದ್ರೆ ಅದರ ನಂಬರು ಒಂದೂ ಹೊಂದೋದಿಲ್ಲ. ಹಾಗಾಗಿ ಗಡಿಯಾರ ಸರಿಯಾಗಿ ಕಂಡ ಮಾತ್ರಕ್ಕೆ ಬಿಟ್ಟುಬಿಡಬೇಡಿ, ಝೋನ್ ಇರೋ ಪುಟದ ಫೋಟೋನೂ ಕೇಳಿ.

ವರ್ಷಗಟ್ಟಲೆ ಹಿಂದಿದ್ರೆ? ಆಗ ಅನುಮಾನ ಬ್ಯಾಟರಿ ಮೇಲೆ. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದ ಥರದ ಸೆಲ್ ಇರುತ್ತೆ. ಕರೆಂಟ್ ಇಲ್ಲದಾಗಲೂ ಗಡಿಯಾರ ಓಡಿಸೋದು ಅದರ ಕೆಲಸ. ಅದು ಸತ್ತರೆ, ಪ್ಲಗ್ ಆಫ್ ಆದ ಕೂಡಲೇ ಬೋರ್ಡಿಗೆ ದಿನ ಮರೆತುಹೋಗುತ್ತೆ. ಮತ್ತೆ ಆನ್ ಮಾಡಿದಾಗ ತಯಾರಕರು ಮೊದಲೇ ಬರೆದಿಟ್ಟ ಯಾವುದೋ ತಾರೀಕಿನಿಂದ ಎಣಿಸೋಕೆ ಶುರುಮಾಡುತ್ತೆ. ತಮ್ಮನ ಫೋಟೋದಲ್ಲಿ ಜನವರಿ 1, ರಾತ್ರಿ 12 ದಾಟಿ 47 ನಿಮಿಷ. ಸೊನ್ನೆಯಿಂದ ಎಣಿಕೆ ಶುರುವಾಗಿ 47 ನಿಮಿಷ ಆಗಿದೆ ಅಂತ ಅರ್ಥ ಮಾಡ್ಕೊಂಡೆ. "ಅಂಗಡಿ ಬಾಗಿಲು ತೆಗೆದು ಮುಕ್ಕಾಲು ಗಂಟೆ ಆಯ್ತಾ?" ಅಂತ ಕೇಳಿದೆ. "ಹೂಂ ಅಣ್ಣ, ನಿನಗೆಂಗೊತ್ತು?" ಅಂದ. ಭಾನುವಾರ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗೋದು ಅವನ ಅಭ್ಯಾಸ. ಒಳ್ಳೇ ಅಭ್ಯಾಸವೇ, ಬೇರೆ ದಿನ ಅವನು ಹಾಗೆ ಮಾಡೋದಿಲ್ಲ ಅಷ್ಟೇ. ಅದಕ್ಕೇ ಸೋಮವಾರ ಮಾತ್ರ ಈ ಪೂಜೆ.

ಈಗ ಕಾರಣ ಗೊತ್ತಾಯ್ತು. ಉತ್ತರ ಬರೆಯೋದು ಇನ್ನೊಂದು ಕೆಲಸ. ನಮ್ಮವರು ಇಲ್ಲೂ ಎಡವೋದು ನೋಡಿದೀನಿ. "ಟೈಮ್ ಸರಿಮಾಡು" ಅಂತ ಎರಡು ಪದ ಹಾಕಿ ಎದ್ದುಹೋಗ್ತಾರೆ. ಎಲ್ಲಿ ಹೋಗಿ, ಯಾವುದನ್ನ ಒತ್ತಿ, ಆಮೇಲೆ ಏನು ಕಾಣಬೇಕು? ಪರದೆಯ ಮೇಲಿನ ಹೆಸರನ್ನ ಇದ್ದ ಹಾಗೇ ಇಂಗ್ಲಿಷಿನಲ್ಲಿ ಕೊಡಬೇಕು. ಯಾಕಂದ್ರೆ ಎದುರಿಗಿರೋನು ಅರ್ಥ ಮಾಡ್ಕೊಳ್ಳದೆ ಇದ್ರೂ ಅಕ್ಷರ ಹೋಲಿಸಿ ಹುಡುಕ್ತಾನೆ. ನಾವು "ಸಮಯದ ಸೆಟ್ಟಿಂಗಿಗೆ ಹೋಗು" ಅಂತ ಅನುವಾದ ಮಾಡಿ ಕೊಟ್ರೆ ಅವನಿಗೆ ಹೋಲಿಸೋಕೆ ಏನೂ ಇರೋದಿಲ್ಲ. ವಿಂಡೋಸ್ 10ಕ್ಕೂ 11ಕ್ಕೂ ಹೆಸರುಗಳು ಚೂರು ಬೇರೆ, ಆದ್ದರಿಂದ ಅದನ್ನೂ ಫೋಟೋದಲ್ಲೇ ನೋಡ್ಕೋಬೇಕು. ಟಾಸ್ಕ್‌ಬಾರಿನ ಐಕಾನ್‌ಗಳು ನಡುವೆ ಗುಂಪಾಗಿ ಕೂತಿದ್ರೆ ಬಹುತೇಕ 11, ಎಡಮೂಲೆಗೆ ಅಂಟ್ಕೊಂಡು ಪಕ್ಕದಲ್ಲಿ ಉದ್ದದ ಹುಡುಕೋ ಪೆಟ್ಟಿಗೆ ಇದ್ರೆ ಬಹುತೇಕ 10. ತಮ್ಮನದು 10.

ಒಂದು ಬಲೆ ಇದೆ, ಅದನ್ನ ತಿಳಿದೇ ಉತ್ತರ ಬರೀಬೇಕು. ವಿಂಡೋಸ್‌ನಲ್ಲಿ ಇಂಟರ್ನೆಟ್ ನೋಡಿ ತಾನೇ ಸಮಯ ಸರಿಮಾಡ್ಕೊಳ್ಳೋ ವ್ಯವಸ್ಥೆ ಇದೆ, `Sync now` ಅಂತ ಬಟನ್. ಎಲ್ಲರೂ ಅದನ್ನ ಒತ್ತು ಅಂತಾರೆ. ಆದರೆ ಕಚೇರಿಯ ಜಾಲಕ್ಕೆ ಸೇರದ ಸ್ವಂತ ಕಂಪ್ಯೂಟರಿನಲ್ಲಿ ಅದಕ್ಕೆ ಒಂದು ಮಿತಿ ಇಟ್ಟಿರ್ತಾರೆ, 54,000 ಸೆಕೆಂಡು, ಅಂದ್ರೆ 15 ಗಂಟೆ. ಅದಕ್ಕಿಂತ ಹೆಚ್ಚು ತಿದ್ದಬೇಕು ಅಂತ ಬಂದ್ರೆ ವಿಂಡೋಸ್ ಒಪ್ಪೋದಿಲ್ಲ. ಇದು ದೋಷವಲ್ಲ, ಎಚ್ಚರಿಕೆ. ಹೊರಗಿನ ಯಾವುದೋ ಸರ್ವರ್ ಸುಳ್ಳು ಸಮಯ ಕೊಟ್ಟು ನಿಮ್ಮ ಕಂಪ್ಯೂಟರನ್ನ ವರ್ಷಗಟ್ಟಲೆ ಹಿಂದಕ್ಕೋ ಮುಂದಕ್ಕೋ ಎಳೆಯಬಾರದಲ್ಲ. ಆದರೆ ಪರಿಣಾಮ ಏನು? 2019ರಲ್ಲಿ ನಿಂತ ಕಂಪ್ಯೂಟರಿನಲ್ಲಿ ನೇರವಾಗಿ ಆ ಬಟನ್ ಒತ್ತಿದ್ರೆ ಆಗಲಿಲ್ಲ ಅಂತ ಬರುತ್ತೆ, ಜನ "ಇದೂ ವರ್ಕ್ ಆಗ್ಲಿಲ್ಲ" ಅಂತ ಫಾರ್ಮ್ಯಾಟಿನ ಕಡೆ ಹೊರಡ್ತಾರೆ. ಮೊದಲು ಕೈಯಲ್ಲೇ ಹತ್ತಿರಕ್ಕೆ ತರಬೇಕು, ಆಮೇಲೆ ಉಳಿದ ಸೆಕೆಂಡುಗಳನ್ನ ಅದು ನೋಡ್ಕೊಳ್ಳುತ್ತೆ.

ನಾನು ಕಳಿಸಿದ್ದು ಹೀಗಿತ್ತು.

"ಬಲಮೂಲೆ ಗಡಿಯಾರದ ಮೇಲೆ ಮೌಸಿನ ಬಲಗಡೆ ಬಟನ್ ಒತ್ತು. `Adjust date/time` ಅಂತ ಬರುತ್ತೆ, ಅದನ್ನ ಒತ್ತು. ದೊಡ್ಡ ಪುಟ ತೆರೆಯುತ್ತೆ, ಮೇಲೆ `Date & time` ಅಂತ ಇರಬೇಕು. ಇಲ್ಲದಿದ್ರೆ ಅಲ್ಲೇ ನಿಲ್ಲಿಸಿ ಫೋಟೋ ಕಳಿಸು.

ಅದರಲ್ಲಿ `Time zone` ಅನ್ನೋ ಪಟ್ಟಿಯಲ್ಲಿ `(UTC+05:30) Chennai, Kolkata, Mumbai, New Delhi` ಇದೆಯಾ ನೋಡು. ಇದ್ರೆ ಮುಟ್ಟಬೇಡ. ಇಲ್ಲದಿದ್ರೆ ಅದನ್ನ ಆರಿಸು. ಸಮಯ ತಿರುಗಿಸೋದು ಇದಾದ ಮೇಲೆ.

`Set time automatically` ಅನ್ನೋದನ್ನ `Off` ಮಾಡು. ಆಗ ಕೆಳಗಿರೋ `Change` ಬಟನ್ ಒತ್ತೋಕೆ ಬರುತ್ತೆ. ಒತ್ತಿ, ನಿನ್ನ ಮೊಬೈಲ್ ನೋಡ್ಕೊಂಡು ಇವತ್ತಿನ ತಾರೀಕು, ತಿಂಗಳು, ವರ್ಷ, ಸಮಯ ಹಾಕು. ವರ್ಷ ಮರೀಬೇಡ. ಮತ್ತೆ `Change` ಒತ್ತು. ಬಲಮೂಲೆ ಗಡಿಯಾರ ಬದಲಾಗಿದೆಯಾ?

ಬದಲಾಗಿದ್ರೆ `Set time automatically` ಮತ್ತೆ `On` ಮಾಡಿ, ಕೆಳಗೆ `Sync now` ಒತ್ತು. ಪಕ್ಕದಲ್ಲಿ ಸರಿ ಗುರುತು ಬರಬೇಕು. ಆಮೇಲೆ ಕ್ರೋಮ್ ಪೂರ್ತಿ ಮುಚ್ಚಿ ತೆಗೆದು ಸೈಟ್ ನೋಡು."

ನೋಡಿ, ಇದರಲ್ಲಿ ಜಾಣತನ ಏನೂ ಇಲ್ಲ. ಆದರೆ ಪ್ರತಿ ಹೆಜ್ಜೆಯ ಕೊನೆಗೆ ಏನು ಕಾಣಬೇಕು ಅಂತ ಇದೆ. ಕಾಣದಿದ್ರೆ ಎಲ್ಲಿ ನಿಲ್ಲಬೇಕು ಅಂತ ಇದೆ. `Off` ಮಾಡಿದ್ದನ್ನ ವಾಪಸ್ `On` ಮಾಡೋದೂ ಇದೆ. ಝೋನ್ ಮೊದಲು, ಸಮಯ ಆಮೇಲೆ ಅನ್ನೋ ಕ್ರಮಕ್ಕೆ ಕಾರಣ ಇದೆ. ಸಮಯ ಮೊದಲು ಹಾಕಿ ಆಮೇಲೆ ಝೋನ್ ಬದಲಾಯಿಸಿದ್ರೆ ಹಾಕಿದ ಸಮಯ ಮತ್ತೆ ಗಂಟೆಗಟ್ಟಲೆ ಜಿಗಿಯುತ್ತೆ. ಏಳು ನಿಮಿಷಕ್ಕೆ "ಆಯ್ತಣ್ಣ" ಅಂತ ಬಂತು.

ಸರಿಯಾಯ್ತು ಅಂತ ಖಾತ್ರಿ ಮಾಡ್ಕೊಳ್ಳೋಕೆ, ಕಮಾಂಡ್ ಬರೆಯೋಕೆ ಹೆದರದವರಿಗೆ ಇದೊಂದು ಸಾಕು:

```
w32tm /stripchart /computer:time.windows.com /samples:3 /dataonly
```

ಮೂರು ಸಾಲು ಬರುತ್ತೆ, ಪ್ರತಿ ಸಾಲಿನ ಕೊನೆಯಲ್ಲಿ ನಿಮ್ಮ ಗಡಿಯಾರಕ್ಕೂ ಸರ್ವರಿನದ್ದಕ್ಕೂ ಇರೋ ವ್ಯತ್ಯಾಸ ಸೆಕೆಂಡಿನಲ್ಲಿರುತ್ತೆ. ಒಂದು ಸೆಕೆಂಡಿಗಿಂತ ಕಡಿಮೆ ಇದ್ರೆ ಮುಗೀತು. ಸಂಖ್ಯೆಯ ಬದಲು ಎರರ್ ಬಂದ್ರೆ, ಸಮಯ ಕೇಳೋ ದಾರಿ, ಅಂದ್ರೆ ಯುಡಿಪಿ 123ನೇ ಪೋರ್ಟ್, ಆ ನೆಟ್‌ವರ್ಕಿನಲ್ಲಿ ಮುಚ್ಚಿದೆಯೇನೋ ಅಂತ ನೋಡಬೇಕು. ಕೆಲವು ಆಫೀಸು, ಹಾಸ್ಟೆಲುಗಳಲ್ಲಿ ಹಾಗಿರುತ್ತೆ. ಮೊಬೈಲ್ ಹಾಟ್‌ಸ್ಪಾಟಿಗೆ ಹಾಕಿ ಅದೇ ಕಮಾಂಡ್ ಓಡಿಸಿದ್ರೆ ಗೊತ್ತಾಗುತ್ತೆ.

ಆಫೀಸ್ ಲ್ಯಾಪ್‌ಟಾಪ್ ಆದ್ರೆ ಮಾತ್ರ ಈ ಹೆಜ್ಜೆಗಳನ್ನ ಯಾರಿಗೂ ಕೊಡಬೇಡಿ. ಅಲ್ಲಿ ಸಮಯ ಬರೋದು ಕಂಪನಿಯ ಸ್ವಂತ ಸರ್ವರಿನಿಂದ. ಆ ಪುಟದಲ್ಲೇ ಕೆಲವು ಸೆಟ್ಟಿಂಗ್ ಸಂಸ್ಥೆಯ ನಿಯಂತ್ರಣದಲ್ಲಿದೆ ಅನ್ನೋ ಸಾಲು ಕಾಣಿಸಿದ್ರೆ, ಫೋಟೋ ತೆಗೆದು ಐಟಿಯವರಿಗೆ ಕಳಿಸೋದೇ ಸರಿಯಾದ ಹೆಜ್ಜೆ.

ತಮ್ಮನ ಕಥೆಗೆ ಇನ್ನೊಂದು ಬಾಲ ಇದೆ. ಸೆಟ್ಟಿಂಗ್ ಸರಿಯಾಯ್ತು, ರೋಗ ಹೋಗಲಿಲ್ಲ. ಮುಂದಿನ ಸೋಮವಾರ ಮತ್ತೆ 2019 ಬರುತ್ತೆ ಅಂತ ಅವತ್ತೇ ಹೇಳಿದ್ದೆ. ಪರೀಕ್ಷೆ ಸುಲಭ: ಸಮಯ ಸರಿಮಾಡಿ, ರಾತ್ರಿ ಪೂರ್ತಿ ಗೋಡೆಯ ಸ್ವಿಚ್ ಆಫ್ ಮಾಡಿಡು, ಬೆಳಿಗ್ಗೆ ಆನ್ ಮಾಡಿದ ಕೂಡಲೇ ತಾರೀಕು ನೋಡು. ಹಿಂದೆ ಹೋಗಿದ್ರೆ ಸೆಲ್ ಸತ್ತಿದೆ. ಹೋಯ್ತು. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಇರೋದು ಸಿಆರ್2032, 3 ವೋಲ್ಟಿನದು. ಸೆಲ್ಲಿನ ಮೇಲೇ ನಂಬರ್ ಕೆತ್ತಿರುತ್ತೆ, ಅದನ್ನೇ ತರಬೇಕು. ಪ್ಲಗ್ ಕಿತ್ತು, ಹೇಗೆ ಕೂತಿದೆ ಅಂತ ಒಂದು ಫೋಟೋ ಹೊಡ್ಕೊಂಡು, ಪ್ಲಸ್ ಗುರುತಿನ ಮುಖ ಮೇಲೆ ಬರೋ ಹಾಗೆ ಹಾಕೋದು. ಪೇಟೆಯ ಗಡಿಯಾರದ ಅಂಗಡೀಲಿ ಸಿಕ್ತು. ಮದರ್‌ಬೋರ್ಡೇ ಹೋಗಿದೆ, ಹೊಸದು ಹಾಕಬೇಕು ಅಂತ ಯಾರೋ ರಿಪೇರಿಯವರು ಅಷ್ಟರಲ್ಲಿ ಅವನಿಗೆ ಹೇಳಿಯೂ ಆಗಿತ್ತಂತೆ.

"ಇಷ್ಟೆಲ್ಲ ಬರೆಯೋಕೆ ಯಾರಿಗೆ ಪುರುಸೊತ್ತಿದೆ ಗುರೂ, ರಿಮೋಟ್‌ನಲ್ಲಿ ಹೋಗಿ ನಾನೇ ಮಾಡಿಬಿಡ್ತೀನಿ" ಅನ್ನೋ ಗೆಳೆಯರಿದ್ದಾರೆ. ಪುರುಸೊತ್ತಿನ ಲೆಕ್ಕ ನಾನೂ ಹಾಕಿದೆ. ಫೋಟೋ ಓದೋಕೆ ಎರಡು ನಿಮಿಷ, ಬರೆಯೋಕೆ ಐದು. ಕ್ರೋಮ್ ತೆಗೆಸಿ ಪೆನ್‌ಡ್ರೈವ್ ಹುಡುಕಿಸಿದ್ದಕ್ಕೆ ಮುಕ್ಕಾಲು ಗಂಟೆ, ಜೊತೆಗೆ ಅಂಗಡಿ ಮುಂದೆ ನಿಂತಿದ್ದ ನಾಲ್ಕು ಜನ. ಇನ್ನು ರಿಮೋಟ್ ಆಪ್ ವಿಷಯ. ಫೋನ್ ಮಾಡಿ "ಈ ಆಪ್ ಹಾಕ್ಕೊಳ್ಳಿ, ನಂಬರ್ ಹೇಳಿ" ಅಂತ ಹಣ ದೋಚೋರ ಬಗ್ಗೆ ನಾವೇ ಊರಿನೋರಿಗೆ ಎಚ್ಚರಿಕೆ ಹೇಳ್ತೀವಿ. ಆಮೇಲೆ ಗಡಿಯಾರದ ಮುಳ್ಳು ತಿರುಗಿಸೋಕೆ ನಾವೇ ಅದೇ ಆಪ್ ಹಾಕಿಸ್ತೀವಿ. ಬರೆದು ಕಳಿಸಿದ ಹೆಜ್ಜೆ ಅವನ ಫೋನಿನಲ್ಲಿ ಉಳಿಯುತ್ತೆ. ತಮ್ಮ ಅದನ್ನ ಪಕ್ಕದ ಅಂಗಡಿಯವನಿಗೆ ಫಾರ್ವರ್ಡ್ ಮಾಡಿದಾನೆ, ನನ್ನನ್ನ ಕೇಳದೆ. ಹೆಸರೂ ಹಾಕಿಲ್ಲ ಬಡ್ಡೀಮಗ.

ಕೊನೆಗೆ, ಇದೇ ಕೋಡಿನ ಇನ್ನೊಂದು ಮುಖ. ಇದರ ಬಗ್ಗೆ ಹೇಳದಿದ್ರೆ ಮೇಲಿನ ಹೆಜ್ಜೆಗಳನ್ನ ಯಾರಾದ್ರೂ ಎಲ್ಲದಕ್ಕೂ ಅಂಟಿಸಿಬಿಡ್ತಾರೆ. ಕೆಲವು ತಿಂಗಳ ಹಿಂದೆ ಆಫೀಸಿನ ಹುಡುಗಿಯೊಬ್ಬಳು, ಅಂಕಪಟ್ಟಿ ತೆಗೆಯೋಕೆ ಹೋದಾಗ ಬಂದ ಎರರ್ ತೋರಿಸಿದಳು. ಅದೇ `NET::ERR_CERT_DATE_INVALID`. ಆದರೆ ದಪ್ಪಕ್ಷರದಲ್ಲಿ ಇದ್ದದ್ದು `Your connection is not private`. `Advanced` ಒತ್ತಿದಾಗ ಬಂದ ವಾಕ್ಯ, ಸೈಟಿನ ಪ್ರಮಾಣಪತ್ರದ ಅವಧಿ ಮೂರು ದಿನದ ಹಿಂದೆ ಮುಗಿದಿದೆ ಅಂತ. ಅದರ ಕೆಳಗೇ, ನಿಮ್ಮ ಕಂಪ್ಯೂಟರಿನಲ್ಲಿ ಇವತ್ತು ಇಂಥ ತಾರೀಕು ಇದೆ, ಸರಿ ಇದೆಯಾ ಅಂತ ಕ್ರೋಮೇ ಕೇಳಿತ್ತು. ಸರಿ ಇತ್ತು. ಆ ಒಂದು ಸೈಟ್ ಬಿಟ್ಟು ಬೇರೆ ಎಲ್ಲ ತೆರೀತಿತ್ತು. ಅಂದ್ರೆ ಕಂಡಕ್ಟರ್ ಸರಿ, ಪಾಸು ಹಳೇದು.

ಅವಳಿಗೆ ಯಾರೋ ಎರಡು ಉಪಾಯ ಕೊಟ್ಟಿದ್ರು. ಒಂದು, ಕೆಳಗೆ ಸಣ್ಣಕ್ಷರದಲ್ಲಿರೋ `Proceed` ಒತ್ತಿ ಒಳಗೆ ಹೋಗು ಅಂತ. ಆ ಪುಟದ ಮೊದಲ ಕೆಲಸವೇ ರಿಜಿಸ್ಟರ್ ನಂಬರು, ಪಾಸ್‌ವರ್ಡು ಕೇಳೋದು. ಆ ಕಡೆ ಇರೋದು ನಿಜವಾದ ಸೈಟಾ ಅಂತ ಖಾತ್ರಿ ಇಲ್ಲ ಅಂತ ಬ್ರೌಸರ್ ಕೆಂಪಕ್ಷರದಲ್ಲಿ ಹೇಳಿದ ಮೇಲೂ ಅದನ್ನ ಕೊಡಬೇಕಂತೆ. ಎರಡನೇ ಉಪಾಯ ಇನ್ನೂ ಅದ್ಭುತ: ಕಂಪ್ಯೂಟರಿನ ತಾರೀಕನ್ನ ಒಂದು ವಾರ ಹಿಂದಕ್ಕೆ ಹಾಕು, ಎರರ್ ಹೋಗುತ್ತೆ. ಹೋಗುತ್ತೆ, ಸುಳ್ಳಲ್ಲ. ಸತ್ತ ಪಾಸು ಜೀವಂತ ಆಗುತ್ತೆ. ಜೊತೆಗೆ ಈ ವಾರ ಪ್ರಮಾಣಪತ್ರ ನವೀಕರಿಸಿದ ಸೈಟುಗಳೆಲ್ಲ ಅವಧಿ ಇನ್ನೂ ಶುರುವಾಗಿಲ್ಲ ಅಂತ ಮುಚ್ಚಿಕೊಳ್ಳುತ್ತವೆ. ಅಂಥ ಸೈಟು ಕಡಿಮೆ ಅಂದ್ಕೋಬೇಡಿ. 2020ರ ಸೆಪ್ಟೆಂಬರಿನಿಂದ ಹೊಸ ಪ್ರಮಾಣಪತ್ರದ ಗರಿಷ್ಠ ಅವಧಿ 398 ದಿನಕ್ಕೆ ಇಳಿದಿತ್ತು. 2029ರ ಮಾರ್ಚ್‌ನಿಂದ ಅದು 47 ದಿನ ಅಂತ ಬ್ರೌಸರ್ ಕಂಪನಿಗಳೂ ಪ್ರಮಾಣಪತ್ರ ಕೊಡೋರೂ ಸೇರಿ 2025ರಲ್ಲೇ ತೀರ್ಮಾನ ಮಾಡಿದಾರೆ. ಅವಧಿ ಚಿಕ್ಕದಾದಷ್ಟೂ, ತಿರುಗಿಸಿಟ್ಟ ಗಡಿಯಾರಕ್ಕೆ ಸಿಕ್ಕಿಬೀಳೋ ಸೈಟುಗಳು ಜಾಸ್ತಿ ಆಗ್ತವೆ.

ಅವಳಿಗೆ ನಾನು ಕೊಟ್ಟ ಹೆಜ್ಜೆ ಒಂದೇ. ಪಾಸ್‌ವರ್ಡ್ ಹಾಕಬೇಡ, ಸೆಟ್ಟಿಂಗ್ ಯಾವುದನ್ನೂ ಮುಟ್ಟಬೇಡ. ಅವಧಿ ಮುಗಿದಿದೆ ಅನ್ನೋ ವಾಕ್ಯ, ಕೋಡು, ಸೈಟಿನ ವಿಳಾಸ, ಮೂಲೆಯ ಗಡಿಯಾರ ನಾಲ್ಕೂ ಬರೋ ಹಾಗೆ ಪೂರ್ತಿ ಪರದೆಯ ಫೋಟೋ ತೆಗೆದು ಆ ಕಾಲೇಜಿನವರಿಗೆ ಮೇಲ್ ಮಾಡು. ಮೇಲ್ ಮಾಡಿದಳು. ಮೊದಲ ಉತ್ತರ ಅರ್ಧ ಗಂಟೇಲೇ ಬಂತು: ದಯವಿಟ್ಟು ಕ್ಯಾಶ್ ಕ್ಲಿಯರ್ ಮಾಡಿ ನೋಡಿ.